ಅಂಕಿತವನ್ನು ತೆಗೆದಿಟ್ಟರೆ ಉಳಿಯುವುದು ಯಾರ ನುಡಿ?

ಭಜನೆಯ ಕೊನೆಯ ಚರಣದಲ್ಲಿ ‘ಪುರಂದರವಿಠಲ’ ಎಂಬ ಮಾತು ಕೇಳಿಬಂದರೆ ಹಾಡು ಪುರಂದರದಾಸರದೆಂದು ಕೇಳುಗರು ನಿರ್ಧರಿಸಿಬಿಡುತ್ತಾರೆ. ‘ಕಾಗಿನೆಲೆಯಾದಿಕೇಶವ’ ಎಂದರೆ ಕನಕದಾಸರು, ‘ಹಯವದನ’ ಎಂದರೆ ವಾದಿರಾಜರು, ‘ವಿಜಯವಿಠಲ’ ಎಂದರೆ ವಿಜಯದಾಸರು. ಹರಿದಾಸ ಸಾಹಿತ್ಯದಲ್ಲಿ ಅಂಕಿತವೇ ಕವಿಯ ಸಹಿ. ಆದರೆ ಈ ಸಹಿಯನ್ನು ಕವಿಯೇ ಕಾಗದದ ಮೇಲೆ ಹಾಕಿದ್ದಲ್ಲ. ಅದು ನೂರಾರು ವರ್ಷ ಬಾಯಿಂದ ಬಾಯಿಗೆ ಸಾಗಿ, ತಾಳೆಗರಿಗೂ ಕೈಬರಹದ ಪುಸ್ತಕಗಳಿಗೂ ಇಳಿದು, ಆಮೇಲೆ ಅಚ್ಚಿಗೆ ಬಂದದ್ದು. ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ದಾಸರ ಪದಗಳನ್ನು ಮುದ್ರಿಸಿದ್ದು 1850ರಲ್ಲಿ. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರವಿದೆ.

ಈ ಅಂತರದಲ್ಲಿ ಅಂಕಿತ ಹೇಗೆ ಬದಲಾಗಬಹುದೆಂಬುದನ್ನು ಶಾಲೆಯ ಛಂದಸ್ಸಿನ ಪಾಠವೇ ತೋರಿಸಿಕೊಡುತ್ತದೆ. ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆ ಹಿಡಿದು ‘ಪುರಂದರವಿಠಲ’ವನ್ನು ಎಣಿಸಿದರೆ ಎಂಟು ಮಾತ್ರೆ. ‘ಗೋಪಾಲವಿಠಲ’ವೂ ಎಂಟೇ. ‘ರಂಗವಿಠಲ’ ಆರು, ‘ವಿಜಯವಿಠಲ’ವೂ ಆರು. ಅಂದರೆ ಹದಿನೆಂಟನೆಯ ಶತಮಾನದ ಗೋಪಾಲದಾಸರ ಹಾಡಿನಲ್ಲಿ ಗಾಯಕನೊಬ್ಬನು ಮರೆವಿನಿಂದಲೋ ಅಭಿಮಾನದಿಂದಲೋ ಪುರಂದರರ ಅಂಕಿತವನ್ನು ಹೇಳಿಬಿಟ್ಟರೆ ಮಾತ್ರೆಯ ಲೆಕ್ಕ ಕೆಡುವುದಿಲ್ಲ, ಕೇಳುಗರ ಕಿವಿಗೆ ಏನೂ ತಟ್ಟುವುದಿಲ್ಲ. ಒಂದೇ ಹಾಡು ಎರಡು ಸಂಕಲನಗಳಲ್ಲಿ ಎರಡು ಅಂಕಿತಗಳೊಡನೆ ಕಾಣಿಸಿಕೊಳ್ಳುವುದಕ್ಕೆ ಇದೊಂದು ಕಾರಣ. ಇದರಿಂದ ನಷ್ಟಕ್ಕೊಳಗಾಗುವವರು ಸಾಮಾನ್ಯವಾಗಿ ಹೆಚ್ಚು ಹೆಸರಿಲ್ಲದವರೇ. ದೊಡ್ಡವರ ಹೆಸರಿಗೆ ಹಾಡುಗಳು ಸೇರುತ್ತ ಹೋಗುತ್ತವೆ. ಸಣ್ಣ ಊರಿನ ದಾಸರು, ಹಾಡು ಕಟ್ಟಿದ ಹೆಂಗಸರು ತಮ್ಮ ಹಾಡು ಉಳಿದರೂ ಹೆಸರು ಕಳೆದುಕೊಳ್ಳುತ್ತಾರೆ.

ಕೆಲವು ಪ್ರಶ್ನೆಗಳಿಗೆ ಇತಿಹಾಸವೇ ಉತ್ತರ ಕೊಡುತ್ತದೆ. ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು ಬೃಂದಾವನಸ್ಥರಾದದ್ದು 1671ರಲ್ಲಿ. ಆ ಬೃಂದಾವನವನ್ನು ಸ್ತುತಿಸುವ ಹಾಡಿನ ಕೊನೆಯಲ್ಲಿ ಪುರಂದರರ ಅಂಕಿತವಿದ್ದರೆ ಅದು ಪುರಂದರದಾಸರದಲ್ಲವೆಂದು ಹೇಳಲು ಯಾವ ಯಂತ್ರವೂ ಬೇಡ. ಆದರೆ ಹೆಚ್ಚಿನ ಕೀರ್ತನೆಗಳಲ್ಲಿ ಇಂಥ ಗುರುತುಗಳಿರುವುದಿಲ್ಲ. ಕೃಷ್ಣನ ಬಾಲಲೀಲೆ, ಸಂಸಾರದ ಅನಿತ್ಯತೆ, ನಾಮಸ್ಮರಣೆಗಳು ಎಲ್ಲ ದಾಸರ ಹಾಡುಗಳಲ್ಲಿಯೂ ಬರುವ ವಿಷಯಗಳೇ. ವಿದ್ವಾಂಸರು ಸ್ಟೈಲೋಮೆಟ್ರಿಯ ನೆರವನ್ನು ಬಯಸುವುದು ಇಂಥ ಕಡೆ. ಕನ್ನಡದಲ್ಲಿ ಅದನ್ನು ಶೈಲಿಮಾಪನ ಎನ್ನಬಹುದು.

ಶೈಲಿಮಾಪನದ ಮೂಲ ತತ್ತ್ವ ಸರಳವಾದದ್ದು. ಬರೆಯುವವನು ದೊಡ್ಡ ಮಾತುಗಳನ್ನು ಯೋಚಿಸಿ ಆರಿಸುತ್ತಾನೆ. ಚಿಕ್ಕ ಮಾತುಗಳು ಅವನ ಗಮನಕ್ಕೆ ಬಾರದೆ ಬಂದುಬಿಡುತ್ತವೆ. ಆದುದರಿಂದ ಲೇಖಕನ ಗುರುತು ಚಿಕ್ಕ ಮಾತುಗಳಲ್ಲಿ ಹೆಚ್ಚು ನಿಚ್ಚಳ. ಅಮೆರಿಕದ ಸಂವಿಧಾನದ ಪರವಾಗಿ 1787-88ರಲ್ಲಿ ಗುಪ್ತನಾಮದಲ್ಲಿ ಪ್ರಕಟವಾದ ‘ಫೆಡರಲಿಸ್ಟ್’ ಪ್ರಬಂಧಗಳ ಪೈಕಿ ಹನ್ನೆರಡನ್ನು ಬರೆದವರು ಹ್ಯಾಮಿಲ್ಟನ್ನರೋ ಮ್ಯಾಡಿಸನ್ನರೋ ಎಂಬ ವಾದವಿತ್ತು. ಮೊಸ್ಟೆಲರ್ ಮತ್ತು ವ್ಯಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಪುಟ್ಟ ಪದಗಳನ್ನೇ ಎಣಿಸಿದರು. ‘ಮೇಲೆ’ ಎಂಬರ್ಥದ ‘ಅಪಾನ್’ ಎಂಬ ಪದವನ್ನು ಹ್ಯಾಮಿಲ್ಟನ್ ಸಾವಿರ ಪದಗಳಿಗೆ ಸುಮಾರು ಮೂರು ಸಲ ಬಳಸುತ್ತಿದ್ದರು; ಮ್ಯಾಡಿಸನ್ ಬಳಸುತ್ತಿದ್ದುದು ತೀರ ಅಪರೂಪ. ಲೆಕ್ಕವೆಲ್ಲ ಮುಗಿದಾಗ ಹನ್ನೆರಡೂ ಮ್ಯಾಡಿಸನ್ನರ ಕಡೆಗೇ ವಾಲಿದವು.

ಇದೇ ಕ್ರಮವನ್ನು ದಾಸರ ಪದಗಳಿಗೆ ಅನ್ವಯಿಸುವಾಗ ಮೊದಲ ಕೆಲಸ ಅಂಕಿತವನ್ನು ತೆಗೆದುಹಾಕುವುದು. ತೆಗೆಯದಿದ್ದರೆ ಗಣಕವು ಶೈಲಿಯನ್ನು ನೋಡುವುದೇ ಇಲ್ಲ. ‘ಪುರಂದರ’ ಎಂಬ ನಾಲ್ಕಕ್ಷರವನ್ನು ಕಂಡು ಉತ್ತರ ಹೇಳಿಬಿಡುತ್ತದೆ. ಫಲಿತಾಂಶ ನೂರಕ್ಕೆ ನೂರು ಸರಿಯೆಂದು ತೋರುತ್ತದೆ, ಆದರೆ ಯಾವ ಅಂಕಿತವನ್ನು ಶಂಕಿಸಿ ಪರೀಕ್ಷೆಗೆ ಹೊರಟಿದ್ದೆವೋ ಅದನ್ನೇ ಸಾಕ್ಷಿಯಾಗಿ ಒಪ್ಪಿಕೊಂಡಂತಾಗುತ್ತದೆ. ಎರಡನೆಯ ಕೆಲಸ ಪಲ್ಲವಿಯದು. ಒಂದು ಪುಸ್ತಕ ಪಲ್ಲವಿಯನ್ನು ಒಮ್ಮೆ ಮಾತ್ರ ಅಚ್ಚು ಮಾಡಿದರೆ ಇನ್ನೊಂದು ಪ್ರತಿ ಚರಣದ ಕೊನೆಗೂ ಅದನ್ನು ಸೂಚಿಸುತ್ತದೆ. ಹಾಗೆಯೇ ಬಿಟ್ಟರೆ ಪಲ್ಲವಿಯ ಪದಗಳು ನಾಲ್ಕೈದು ಪಟ್ಟು ಎಣಿಕೆಯಾಗುತ್ತವೆ. ಪ್ರತಿ ಹಾಡಿನಲ್ಲಿಯೂ ಪಲ್ಲವಿಯನ್ನು ಒಂದೇ ಸಲ ಇಟ್ಟುಕೊಳ್ಳಬೇಕು.

ಮೂರನೆಯದು ಕನ್ನಡಕ್ಕೇ ವಿಶಿಷ್ಟವಾದ ತೊಡಕು. ಇಂಗ್ಲಿಷಿನಲ್ಲಿ ಚಿಕ್ಕ ಪದಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ವಿಭಕ್ತಿ ಪ್ರತ್ಯಯಗಳು ಮಾಡುತ್ತವೆ, ಉಳಿದವು ಸಂಧಿಯಲ್ಲಿ ಬೆಸೆದುಹೋಗುತ್ತವೆ. ‘ನೀನೆಂದು’ ಎಂಬಲ್ಲಿ ‘ನೀನು’, ‘ಎಂದು’ ಎರಡೂ ಇವೆ. ಗಣಕ ಅದನ್ನು ಒಂದೇ ಪದವೆಂದು ಎಣಿಸುತ್ತದೆ. ಇನ್ನೊಬ್ಬ ಸಂಪಾದಕರು ಅದನ್ನೇ ಬಿಡಿಸಿ ಅಚ್ಚು ಮಾಡಿದ್ದರೆ ಲೆಕ್ಕವೇ ಬೇರೆ. ಆದ್ದರಿಂದ ಪದಗಳ ಬದಲು ಮೂರು ಮೂರು ಅಕ್ಷರಗಳ ತುಂಡುಗಳನ್ನು ಎಣಿಸುವ ರೂಢಿಯಿದೆ. ‘-ದಿಂದ’, ‘-ನಲ್ಲಿ’, ‘-ವಯ್ಯ’ಗಳಂಥ ಕೊನೆಗಳು ಯಾವ ಪದಕ್ಕೆ ಅಂಟಿದ್ದರೂ ಆಗ ಲೆಕ್ಕಕ್ಕೆ ಸಿಗುತ್ತವೆ.

ಎಣಿಕೆ ಮುಗಿದ ಮೇಲೆ ಹೋಲಿಕೆ. ಜಾನ್ ಬರೋಸ್ ಎಂಬ ವಿದ್ವಾಂಸರು 2002ರಲ್ಲಿ ಮಂಡಿಸಿದ ‘ಡೆಲ್ಟಾ’ ಎಂಬ ಅಳತೆ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಅದನ್ನು ಕಲ್ಪಿತ ಅಂಕಿಗಳ ಒಂದು ಉದಾಹರಣೆಯಿಂದ ತಿಳಿಯಬಹುದು. ಎಲ್ಲ ದಾಸರ ಹಾಡುಗಳನ್ನೂ ಸೇರಿಸಿ ನೋಡಿದಾಗ ‘ಎಂದು’ ಎಂಬ ಮಾತು ಸಾವಿರ ಪದಗಳಿಗೆ ಸರಾಸರಿ 8 ಸಲ ಬರುತ್ತದೆ, ಕವಿಯಿಂದ ಕವಿಗೆ ಅದರ ಸಾಮಾನ್ಯ ಏರಿಳಿತ 2 ಎಂದಿಟ್ಟುಕೊಳ್ಳೋಣ. ಒಬ್ಬ ದಾಸರಲ್ಲಿ ಅದು 11 ಸಲ, ಇನ್ನೊಬ್ಬರಲ್ಲಿ 6 ಸಲ, ಸಂಶಯದ ಹಾಡುಗಳ ಕಟ್ಟಿನಲ್ಲಿ 10 ಸಲ ಬಂದಿದೆ. ಸರಾಸರಿಯಿಂದ ಇರುವ ದೂರವನ್ನು ಏರಿಳಿತದಿಂದ ಭಾಗಿಸಿದರೆ ಮೊದಲನೆಯವರಿಗೆ 1.5, ಎರಡನೆಯವರಿಗೆ ಋಣ 1, ಸಂಶಯದ ಕಟ್ಟಿಗೆ 1. ಈ ಒಂದು ಮಾತಿನ ಮಟ್ಟಿಗೆ ಕಟ್ಟು ಮೊದಲನೆಯವರಿಂದ 0.5ರಷ್ಟು, ಎರಡನೆಯವರಿಂದ 2ರಷ್ಟು ದೂರದಲ್ಲಿದೆ. ಒಂದು ಮಾತಿನಿಂದ ಏನೂ ಸಿದ್ಧವಾಗದು. ನೂರಿನ್ನೂರು ಮಾತುಗಳಿಗೆ ಅಥವಾ ತುಂಡುಗಳಿಗೆ ಇದೇ ಲೆಕ್ಕ ಮಾಡಿ, ದೂರಗಳ ಸರಾಸರಿ ತೆಗೆದರೆ ಅದೇ ಡೆಲ್ಟಾ. ಯಾರೊಡನೆ ಡೆಲ್ಟಾ ಕಡಿಮೆಯೋ ಅವರ ಶೈಲಿ ಹತ್ತಿರ.

‘ಹತ್ತಿರ’ ಎಂಬ ಮಾತನ್ನು ಎಚ್ಚರದಿಂದ ಓದಿಕೊಳ್ಳಬೇಕು. ಹೋಲಿಕೆಗೆ ಇಬ್ಬರನ್ನೇ ಕೊಟ್ಟರೆ ಯಂತ್ರ ಆ ಇಬ್ಬರಲ್ಲಿ ಒಬ್ಬರನ್ನು ಆರಿಸಲೇಬೇಕು. ನಿಜವಾದ ಕರ್ತೃ ಮೂರನೆಯವನಾಗಿದ್ದರೆ ಅದಕ್ಕೆ ತಿಳಿಯದು. ಆದುದರಿಂದ ಹಾಡು ಬರೆದಿರಲು ಸಾಧ್ಯವೇ ಇಲ್ಲದ ಬೇರೆ ದಾಸರ ರಚನೆಗಳನ್ನೂ ಹೋಲಿಕೆಯಲ್ಲಿ ಸೇರಿಸಬೇಕು. ಸಂಶಯದ ಕಟ್ಟು ಅವರಷ್ಟೇ ದೂರದಲ್ಲಿ ನಿಂತರೆ, ಊಹಿಸಿದ ಹೆಸರುಗಳಲ್ಲಿ ಯಾವುದೂ ಅದಕ್ಕೆ ಹೊಂದುವುದಿಲ್ಲವೆಂದೇ ಅರ್ಥ.

ಶೈಲಿಮಾಪನದ ದೊಡ್ಡ ಮಿತಿ ಹಾಡಿನ ಉದ್ದ. ಗದ್ಯದಲ್ಲಿ ನೆಚ್ಚಬಹುದಾದ ಉತ್ತರಕ್ಕೆ ಸುಮಾರು 5000 ಪದಗಳು ಬೇಕೆಂದು ಸಂಶೋಧಕರು ಹೇಳುತ್ತಾರೆ. ಪಲ್ಲವಿ, ಅನುಪಲ್ಲವಿ, ಮೂರು ಚರಣಗಳ ಕೀರ್ತನೆಯಲ್ಲಿ ಇರುವುದು ಐವತ್ತು ಅರವತ್ತು ಪದಗಳು. ಅಷ್ಟು ಪದಗಳಲ್ಲಿ ‘ಎಂದು’ ಒಮ್ಮೆ ಬರುವುದು, ಬಾರದಿರುವುದು ಬರಿಯ ಆಕಸ್ಮಿಕ. ಹಾಗಾಗಿ ‘ಈ ಒಂದು ಹಾಡು ಯಾರದು?’ ಎಂಬ ಪ್ರಶ್ನೆಗೆ ಶೈಲಿಮಾಪನ ನೆಚ್ಚುವಂಥ ಉತ್ತರ ಕೊಡಲಾರದು. ‘ಒಂದೇ ಹಸ್ತಪ್ರತಿಯಲ್ಲಿ ಮಾತ್ರ ಸಿಕ್ಕಿದ, ಬೇರೆಲ್ಲೂ ಕಾಣದ ಎಂಬತ್ತು ತೊಂಬತ್ತು ಹಾಡುಗಳು ಒಟ್ಟಾರೆ ಯಾರ ಶೈಲಿಗೆ ಹತ್ತಿರ?’ ಎಂದು ಕೇಳಿದರೆ ಸ್ವಲ್ಪಮಟ್ಟಿಗೆ ಉತ್ತರಿಸಬಲ್ಲದು. ಆ ಕಟ್ಟಿನೊಳಗೆ ಹಲವರ ಹಾಡುಗಳು ಬೆರೆತಿದ್ದರೆ ಉತ್ತರವೂ ಕಲಬೆರಕೆಯೇ.

ಇನ್ನೊಂದು ಅಪಾಯ, ಯಂತ್ರವು ಕವಿಯನ್ನು ಬಿಟ್ಟು ಸಂಪಾದಕನನ್ನು ಗುರುತಿಸುವುದು. ಒಬ್ಬ ಸಂಪಾದಕ ‘ಪೇಳು’ ಎಂದಿದ್ದುದನ್ನು ‘ಹೇಳು’ ಎಂದು ತಿದ್ದುತ್ತಾನೆ. ಇನ್ನೊಬ್ಬ ಹಳೆಯ ರೂಪವನ್ನು ಉಳಿಸುತ್ತಾನೆ. ಒಬ್ಬ ‘ವಿಠಲ’ ಎಂದರೆ ಇನ್ನೊಬ್ಬ ‘ವಿಠ್ಠಲ’ ಎನ್ನುತ್ತಾನೆ. ಪುರಂದರರ ಹಾಡುಗಳನ್ನು ಒಂದು ಪುಸ್ತಕದಿಂದಲೂ ವಿಜಯದಾಸರವನ್ನು ಇನ್ನೊಂದರಿಂದಲೂ ತೆಗೆದುಕೊಂಡರೆ ಕಾಣುವ ವ್ಯತ್ಯಾಸ ಪುಸ್ತಕಗಳದ್ದೇ ಆಗಿರಬಹುದು. ಇದನ್ನು ಪತ್ತೆಮಾಡುವ ಉಪಾಯವಿದೆ. ಒಬ್ಬರೇ ದಾಸರ ಸಂಶಯವಿಲ್ಲದ ಹಾಡುಗಳನ್ನು ಎರಡು ಸಂಕಲನಗಳಿಂದ ತೆಗೆದು ಯಂತ್ರಕ್ಕೆ ಕೊಡಬೇಕು. ಅದು ಅವನ್ನು ಎರಡು ಗುಂಪು ಮಾಡಿದರೆ ಅಳೆಯುತ್ತಿರುವುದು ಅಚ್ಚಿನ ಪದ್ಧತಿಯನ್ನೇ ಹೊರತು ಕವಿಯ ಶೈಲಿಯನ್ನಲ್ಲ. ಹಾಗೆಯೇ ಸುಳಾದಿಯನ್ನು ಸುಳಾದಿಯೊಡನೆ, ಕೀರ್ತನೆಯನ್ನು ಕೀರ್ತನೆಯೊಡನೆ ಇಟ್ಟು ನೋಡಬೇಕು. ವಿಜಯದಾಸರ ದೀರ್ಘ ಸುಳಾದಿಗಳನ್ನು ಪುರಂದರರ ಪುಟ್ಟ ಕೀರ್ತನೆಗಳೊಡನೆ ಹೋಲಿಸಿದರೆ ಎದ್ದು ಕಾಣುವುದು ಪ್ರಕಾರಭೇದ, ಕರ್ತೃಭೇದವಲ್ಲ.

ಇಷ್ಟೆಲ್ಲ ಆದಮೇಲೂ ಸಂಶಯದ ಹಾಡುಗಳನ್ನು ಮುಟ್ಟುವ ಮೊದಲು ಯಂತ್ರ ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಕರ್ತೃ ಯಾರೆಂದು ಖಚಿತವಾಗಿರುವ ಹಾಡುಗಳ ಕಟ್ಟೊಂದನ್ನು ಹೆಸರು ಮುಚ್ಚಿ ಕೊಟ್ಟು, ಎಷ್ಟು ಸಲ ಸರಿಯಾಗಿ ಗುರುತಿಸುತ್ತದೆಂದು ನೋಡಬೇಕು. ಇಬ್ಬರ ನಡುವೆ ಆರಿಸುವಾಗ ನಾಣ್ಯ ಚಿಮ್ಮಿದರೂ ನೂರಕ್ಕೆ ಐವತ್ತು ಸರಿ ಬರುತ್ತದೆ. ಯಂತ್ರದ ಉತ್ತರ ಅದಕ್ಕಿಂತ ಬಹಳ ಮೇಲಿಲ್ಲದಿದ್ದರೆ ಸಂಶಯದ ಹಾಡಿನ ಬಗ್ಗೆ ಅದು ಹೇಳುವ ಮಾತಿಗೆ ಬೆಲೆಯಿಲ್ಲ.

ಉತ್ತರ ಸಿಕ್ಕರೂ ಅದರ ಅರ್ಥವನ್ನು ಪರಂಪರೆಯ ಬೆಳಕಿನಲ್ಲಿಯೇ ಓದಬೇಕು. ಗುರುವಿನ ಅಂಕಿತದಲ್ಲಿ ಶಿಷ್ಯ ಹಾಡು ಕಟ್ಟಿದ್ದರೆ ಅದು ಮೋಸವಲ್ಲ, ವಿನಯ. ಶೈಲಿ ಬೇರೆಯೆಂದು ತಿಳಿದುಬಂದ ಹಾಡು ಭಜನೆಯಿಂದ ಹೊರಹೋಗಬೇಕಾಗಿಲ್ಲ. ಹೆಚ್ಚೆಂದರೆ ಅದರ ಮೇಲಿನ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ, ಇನ್ನೊಬ್ಬ ಕವಿಗೆ ಮರುಹುಟ್ಟು ಸಿಗುವ ದಾರಿ ತೆರೆಯುತ್ತದೆ.

ಈ ಕೆಲಸಕ್ಕೆ ಇಂದು ಮುಖ್ಯವಾಗಿ ಬೇಕಾಗಿರುವುದು ತಿದ್ದದ ಪಾಠಗಳು. ವಚನಗಳಿಗೆ ‘ವಚನ ಸಂಚಯ’ದಂಥ ಹುಡುಕಬಲ್ಲ ಪಠ್ಯಕೋಶ ಅಂತರ್ಜಾಲದಲ್ಲಿದೆ. ಆದರೆ ಅಚ್ಚಾದ ಸಂಕಲನವನ್ನು ಗಣಕಕ್ಕೆ ಏರಿಸಿದರೆ ಸಂಪಾದಕರ ತಿದ್ದುಪಡಿಗಳೂ ಅದರ ಜೊತೆಗೇ ಏರುತ್ತವೆ. ವಿಜಯದಾಸರು ಕೊನೆಯುಸಿರೆಳೆದ ಚಿಪ್ಪಗಿರಿ ಇಂದು ಆಂಧ್ರದಲ್ಲಿದೆ. ಆದವಾನಿಯ ಸೀಮೆಯಿಂದ ಕಾಸರಗೋಡಿನವರೆಗೆ ಹಾಡಿನ ಹಳೆಯ ಪುಸ್ತಕಗಳನ್ನು ಇಟ್ಟುಕೊಂಡ ಮನೆಗಳಿವೆ. ಅಂಥ ಪುಸ್ತಕ ಸಿಕ್ಕಾಗ ಪುಟಪುಟದ ಚಿತ್ರ ತೆಗೆದು, ಬರೆದವರ ಊರು, ಕಾಲ ತಿಳಿದಿದ್ದರೆ ಅದನ್ನು ಗುರುತು ಹಾಕಿಡಬೇಕು. ಅಕ್ಷರ ಬೆರಳಚ್ಚು ಮಾಡುವ ಮಕ್ಕಳು ‘ಪೇಳು’ ಎಂದಿದ್ದರೆ ‘ಪೇಳು’ ಎಂದೇ ಇಡಬೇಕು. ಅಂಕಿತ ತಪ್ಪೆಂದು ತೋರಿದರೂ ತಿದ್ದಬಾರದು. ಯಾವುದೋ ಊರಿನ ಅಜ್ಜಿಯೊಬ್ಬಳು ಬೇರೊಂದು ಅಂಕಿತದಲ್ಲಿ ಬರೆದಿಟ್ಟ ಒಂದು ಪಾಠ, ಅಚ್ಚಾದ ಹತ್ತು ಪುಸ್ತಕಗಳು ಒಂದರಿಂದೊಂದು ನಕಲು ಮಾಡಿಕೊಂಡ ಹೆಸರಿಗಿಂತ ಹಳೆಯದಾಗಿರಬಹುದು.