ತುಕ್ಕು ಹಿಡಿದ ಕೀಲಿಕೈ, ಬಿರುಕು ಬಿಟ್ಟ ಮಡಿಕೆ: ಕವಿತೆಯಲ್ಲಿ ಹಳೆ ಸಾಮಾನು ನೆನಪನ್ನು ಹೊರುವುದು ಹೇಗೆ?

ಕವಿತೆಗಳಲ್ಲಿ ಮನೆಯ ಹಳೆ ಸಾಮಾನುಗಳಿಗೆ ಬರವಿಲ್ಲ. ಅಜ್ಜಿಯ ಮಡಿಕೆ, ಅಪ್ಪನ ಕನ್ನಡಕ, ಊರಮನೆಯ ಕೀಲಿಕೈ ಮತ್ತೆ ಮತ್ತೆ ಬರುತ್ತವೆ. ಕೆಲವು ಕವಿತೆಗಳಲ್ಲಿ ಅವು ಓದುಗರ ಎದೆಗೆ ತಾಗುತ್ತವೆ. ಹೆಚ್ಚಿನವುಗಳಲ್ಲಿ ಅಟ್ಟದ ಮೇಲಿನ ಸಾಮಾನಿನಂತೆ ಸುಮ್ಮನೆ ಬಿದ್ದಿರುತ್ತವೆ. ಈ ವ್ಯತ್ಯಾಸ ಬರುವುದು ಎಲ್ಲಿಂದ? ಒಂದು ಕೀಲಿಕೈ ಮತ್ತು ಒಂದು ಮಡಿಕೆಯನ್ನು ಮುಂದಿಟ್ಟುಕೊಂಡರೆ ಇದಕ್ಕೆ ಉತ್ತರ ಸಿಗುತ್ತದೆ.

ಜೇಬಿನಲ್ಲಿದ್ದ ಕೀಲಿಕೈ

ಪ್ಯಾಲೆಸ್ಟೀನಿನ ಕವಿ ಮಹಮೂದ್ ದರ್ವೀಶ್ ಹುಟ್ಟಿದ್ದು 1941ರಲ್ಲಿ, ಗಲಿಲೀ ಪ್ರದೇಶದ ಅಲ್-ಬಿರ್ವಾ ಎಂಬ ಹಳ್ಳಿಯಲ್ಲಿ. 1948ರ ಯುದ್ಧದಲ್ಲಿ ಆ ಕುಟುಂಬ ಮನೆ ಬಿಟ್ಟು ಲೆಬನಾನಿಗೆ ಓಡಬೇಕಾಯಿತು. ಮರಳಿ ಬರುವಷ್ಟರಲ್ಲಿ ಹಳ್ಳಿ ನೆಲಸಮವಾಗಿತ್ತು. ಆ ವರ್ಷ ಮನೆ ತೊರೆದ ಲಕ್ಷಾಂತರ ಜನರಲ್ಲಿ ಅನೇಕರು ಬಾಗಿಲಿಗೆ ಬೀಗ ಹಾಕಿ, ಕೀಲಿಕೈಯನ್ನು ಜೊತೆಗೆ ಒಯ್ದಿದ್ದರು. ಕೆಲವು ದಿನಗಳಲ್ಲಿ ವಾಪಸ್ ಬರುತ್ತೇವೆ ಎಂದೇ ಅವರು ನಂಬಿದ್ದರು.

ಸುಮಾರು ಅರ್ಧ ಶತಮಾನದ ನಂತರ, 1995ರಲ್ಲಿ ದರ್ವೀಶ್ ಪ್ರಕಟಿಸಿದ ಸಂಕಲನದಲ್ಲಿ ಆ ಪಯಣದ ಬಗ್ಗೆ ಒಂದು ಕವಿತೆ ಇದೆ. ಅದರ ಹೆಸರನ್ನು ಕನ್ನಡದಲ್ಲಿ 'ಕಳ್ಳಿಯ ಅನಂತತೆ' ಎನ್ನಬಹುದು. ತಂದೆ ಮತ್ತು ಮಗ ಮನೆ ಬಿಟ್ಟು ಹೋಗುತ್ತಿದ್ದಾರೆ. ಮಗ ಒಂದೊಂದೇ ಪ್ರಶ್ನೆ ಕೇಳುತ್ತಾನೆ. ಮನೆಯಲ್ಲಿ ಇನ್ನು ಯಾರಿರುತ್ತಾರೆ, ಕುದುರೆಯನ್ನು ಯಾಕೆ ಒಂಟಿಯಾಗಿ ಬಿಟ್ಟೆ ಎನ್ನುತ್ತಾನೆ. ಮನೆಗೆ ಜೊತೆ ಇರಲಿ ಎಂದು ಬಿಟ್ಟೆ ಎಂಬುದು ತಂದೆಯ ಉತ್ತರದ ತಿರುಳು. ನಡುವೆ ಒಂದು ಕ್ಷಣ ತಂದೆ ತನ್ನ ಕೈಕಾಲುಗಳು ನೆಟ್ಟಗಿವೆಯೇ ಎಂದು ಮುಟ್ಟಿ ನೋಡಿಕೊಳ್ಳುವವನಂತೆ ಕೀಲಿಕೈಯನ್ನು ಮುಟ್ಟಿ ನೋಡುತ್ತಾನೆ. ಅದು ಅಲ್ಲೇ ಇದೆ. ಅವನಿಗೆ ಸಮಾಧಾನವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಗಳಿಗೆಯಲ್ಲಿ ಕೀಲಿಕೈಗೆ ಇನ್ನೂ ತುಕ್ಕು ಹಿಡಿದಿಲ್ಲ. ಅದು ದಿನವೂ ಬಳಸುವ, ನಾಳೆಯೂ ಬೇಕಾಗುವ ವಸ್ತು. ತಂದೆಯ ಮಟ್ಟಿಗೆ ಅದು ನೆನಪಿನ ಕುರುಹೇ ಆಗಿಲ್ಲ. ಆದರೆ ಓದುಗರಿಗೆ ಬಾಗಿಲು ಉಳಿಯಲಿಲ್ಲ ಎಂಬುದು ಗೊತ್ತು. ನಡುವೆ ಕಳೆದ 47 ವರ್ಷಗಳ ತುಕ್ಕು ಓದುವವರ ಮನಸ್ಸಿನಲ್ಲಿ ಒಮ್ಮೆಲೇ ಹಿಡಿಯುತ್ತದೆ. ಕವಿ ದುಃಖದ ಮಾತನ್ನೇ ಆಡದೆ, ತಂದೆಯ ಸಮಾಧಾನವನ್ನಷ್ಟೇ ಹೇಳಿದ್ದರಿಂದ ಇದು ಸಾಧ್ಯವಾಯಿತು.

ಶೀರ್ಷಿಕೆಯ ಕಳ್ಳಿಗೂ ಕಾರಣವಿದೆ. ಆ ಹಳ್ಳಿಗಳಲ್ಲಿ ಮನೆ, ಹೊಲಗಳಿಗೆ ಪಾಪಾಸುಕಳ್ಳಿಯ ಬೇಲಿ ಇರುತ್ತಿತ್ತು. ಗೋಡೆಗಳು ಹೋದ ಮೇಲೂ ಎಷ್ಟೋ ಕಡೆ ಕಳ್ಳಿ ಮತ್ತೆ ಚಿಗುರಿತು. ಇಲ್ಲಿ ಹಳ್ಳಿ ಇತ್ತು ಎಂದು ತೋರಿಸಲು ಅದೇ ಉಳಿದ ಗುರುತು.

ಕೀಲಿಕೈಯ ಶಕ್ತಿ ಅದರ ಜೋಡಿಯಲ್ಲಿದೆ

ಕೀಲಿಕೈಗೆ ಒಂಟಿಯಾಗಿ ಅರ್ಥವಿಲ್ಲ, ಅದಕ್ಕೆ ಬೀಗ ಬೇಕು. ಅದೂ ಯಾವುದೋ ಬೀಗವಾದರೆ ಆಗದು. ಅದರ ಹಲ್ಲುಗಳನ್ನು ಕೆತ್ತಿರುವುದೇ ಇನ್ನೊಂದು ನಿರ್ದಿಷ್ಟ ವಸ್ತುವಿಗಾಗಿ. ಹಾಗಾಗಿ ಕವಿತೆಯಲ್ಲಿ ಕೀಲಿಕೈ ಮಾತ್ರ ಕಂಡರೂ ಓದುಗರು ತಾವಾಗಿಯೇ ಬಾಗಿಲು, ಹೊಸ್ತಿಲು, ಒಳಗಿನ ಕತ್ತಲನ್ನು ಕಟ್ಟಿಕೊಳ್ಳುತ್ತಾರೆ. ಮುಂಬೈಯಲ್ಲೋ ಪುಣೆಯಲ್ಲೋ ಇದ್ದುಕೊಂಡು ಊರಿನ ಬೀಗ ಹಾಕಿದ ಮನೆಯ ಕೀಲಿಕೈಯನ್ನು ಕಪಾಟಿನಲ್ಲಿ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಕವಿಗಳು ಎಡವುವ ಒಂದು ಜಾಗವಿದೆ. ಹಳೆಯದು ಎಂದು ತೋರಿಸಲು ಹಿತ್ತಾಳೆಯ ಕೀಲಿಕೈಗೂ ತುಕ್ಕು ಹಿಡಿಸಿಬಿಡುತ್ತಾರೆ. ತುಕ್ಕು ಹಿಡಿಯುವುದು ಕಬ್ಬಿಣಕ್ಕೆ, ಹಿತ್ತಾಳೆಗೆ ಹಿಡಿಯುವುದು ಹಸಿರು ಕಿಲುಬು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಕಿಲುಬು ಹೋಗಿ ಹಿತ್ತಾಳೆ ಮತ್ತೆ ಹೊಳೆಯುತ್ತದೆ. ತುಕ್ಕು ಕಬ್ಬಿಣವನ್ನೇ ತಿಂದುಹಾಕುತ್ತದೆ, ಕಳೆದ ಲೋಹ ಮರಳುವುದಿಲ್ಲ. ಅಂದರೆ ತುಕ್ಕಿನ ನೆನಪು ಬೇರೆ, ಕಿಲುಬಿನ ನೆನಪು ಬೇರೆ. ವಸ್ತುವನ್ನು ನಿಜವಾಗಿ ನೋಡದೆ ಬರೆದ ಸಾಲು ಇಂಥಲ್ಲೇ ಸಿಕ್ಕಿಬೀಳುತ್ತದೆ.

ಮಡಿಕೆ ಹೇಳುವುದು ಬೇರೆ ಕಥೆ

ಬಿರುಕು ಬಿಟ್ಟ ಮಡಿಕೆ ಕೀಲಿಕೈಯಂತೆ ಯಾವುದಕ್ಕೂ ಕಾಯುವುದಿಲ್ಲ. ಅದರ ಮೊದಲ ಕೆಲಸ ಮುಗಿದಿದೆ. ಆದರೆ ನಮ್ಮ ಮನೆಗಳಲ್ಲಿ ಮಡಿಕೆ ಬಿರುಕು ಬಿಟ್ಟ ದಿನವೇ ತಿಪ್ಪೆ ಸೇರುತ್ತಿರಲಿಲ್ಲ. ನೀರು ನಿಲ್ಲದಿದ್ದರೆ ಒಲೆಯ ಬೂದಿ ತುಂಬುತ್ತಿದ್ದರು, ಹೂವಿನ ಗಿಡ ನೆಡುತ್ತಿದ್ದರು. ಸುಣ್ಣದ ಬೊಟ್ಟು ಇಟ್ಟು ಹೊಲದ ಬೆದರುಬೊಂಬೆಗೆ ತಲೆಯಾಗಿ ಬೋರಲು ಹಾಕುತ್ತಿದ್ದರು. ಮಡಿಕೆಯ ನೆನಪು ಇರುವುದು ಈ ಕೆಲಸ ಬದಲಾದ ಸರಣಿಯಲ್ಲಿ.

ಒಂದು ಉದಾಹರಣೆ ನೋಡಬಹುದು. 'ಅಜ್ಜಿಯ ಒಡೆದ ಮಡಿಕೆಯಲ್ಲಿ ಹಳೆಯ ನೆನಪುಗಳು ತುಂಬಿವೆ' ಎಂದು ಯಾರೋ ಬರೆದರು ಎಂದುಕೊಳ್ಳಿ. ಈ ಸಾಲಿನಲ್ಲಿ ಮಡಿಕೆಯೂ ಕಾಣುವುದಿಲ್ಲ, ಅಜ್ಜಿಯೂ ಕಾಣುವುದಿಲ್ಲ. ಮಡಿಕೆಯ ಬದಲು ಪೆಟ್ಟಿಗೆ ಎಂದು ಹಾಕಿದರೂ ಸಾಲು ಹಾಗೇ ನಿಲ್ಲುತ್ತದೆ. ಅದೇ ಸಾಲನ್ನು ಹೀಗೆ ತಿದ್ದಿದರೆ: 'ಕಂಠದ ಬಳಿ ಸೀಳಿದೆ, ನೀರು ನಿಲ್ಲದು, ಹುಣಸೆಹಣ್ಣು ನಿಂತಿದೆ.' ಈಗ ಪೆಟ್ಟಿಗೆಯನ್ನು ತಂದಿಡಲು ಆಗುವುದಿಲ್ಲ. ಮಡಿಕೆಯನ್ನು ಎಸೆಯದೆ ಹುಣಸೆಹಣ್ಣು ತುಂಬಿಟ್ಟ ಕೈ ಒಂದಿದೆ ಎಂದು ತಿಳಿಯುತ್ತದೆ. ಅಜ್ಜಿ ಎಂಬ ಪದವಿಲ್ಲದೆಯೇ ಅಜ್ಜಿ ಬಂದಳು.

ಬಿರುಕು ಎಂಬ ಪದವನ್ನೂ ಬಿಡಬಹುದು. ಮಡಿಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುತ್ತಾರೆ. ಗಟ್ಟಿ ಮಡಿಕೆ ಟಣ್ ಎನ್ನುತ್ತದೆ, ಕಣ್ಣಿಗೆ ಕಾಣದ ಸೀಳಿದ್ದರೂ ದನಿ ಮಂಕಾಗುತ್ತದೆ. ಆ ಮಂಕು ದನಿಯೊಂದೇ ಕವಿತೆಗೆ ಸಾಕಾಗಬಹುದು.

ಇನ್ನೊಂದು ಎಚ್ಚರಿಕೆಯೂ ಬೇಕು. ಕನ್ನಡದ ಓದುಗರ ಮನಸ್ಸಿನಲ್ಲಿ ಮಡಿಕೆಗೆ ಮೊದಲೇ ಅರ್ಥಗಳಿವೆ. ಭಕ್ತಿಯ ಹಾಡುಗಳಲ್ಲಿ ದೇಹವೇ ಮಣ್ಣಿನ ಗಡಿಗೆ. ಅಂತ್ಯಸಂಸ್ಕಾರದಲ್ಲಿ ನೀರಿನ ಮಡಿಕೆಗೆ ತೂತು ಮಾಡಿ, ಕೊನೆಗೆ ಒಡೆಯುವ ರೂಢಿ ಹಲವು ಕಡೆ ಇದೆ. ಕವಿ ಬಯಸಲಿ ಬಿಡಲಿ, ಮಡಿಕೆ ಸೀಳಿದ ಕೂಡಲೇ ಸಾವಿನ ನೆರಳು ಬೀಳುತ್ತದೆ. ಬದುಕಿರುವ ತಾಯಿಯ ಬಗ್ಗೆ ಬರೆಯುವವರು ಇದನ್ನು ಮರೆತರೆ ಕವಿತೆ ಬೇರೆಯೇ ಮಾತು ಹೇಳಿಬಿಡುತ್ತದೆ.

ವಸ್ತು ಲಾಂಛನವಾದಾಗ

ಭಾವವನ್ನು ನೇರ ಹೇಳದೆ, ಅದನ್ನು ಎಬ್ಬಿಸುವ ವಸ್ತುವನ್ನೋ ಸನ್ನಿವೇಶವನ್ನೋ ಮುಂದಿಡಬೇಕು ಎಂಬುದನ್ನು ಟಿ.ಎಸ್. ಎಲಿಯಟ್ 1919ರ ಪ್ರಬಂಧದಲ್ಲಿ ವಿವರಿಸಿದ್ದ. ಕನ್ನಡ ವಿಮರ್ಶೆಯಲ್ಲಿ ಇದಕ್ಕೆ ವಸ್ತುಪ್ರತಿರೂಪ ಎನ್ನುತ್ತಾರೆ. ಆದರೆ ಈ ದಾರಿಗೂ ಒಂದು ಮಿತಿ ಇದೆ. ಪ್ಯಾಲೆಸ್ಟೀನಿನ ಕೀಲಿಕೈ ಈಗ ಭಿತ್ತಿಪತ್ರಗಳಲ್ಲಿ, ಗೋಡೆಚಿತ್ರಗಳಲ್ಲಿ, ಮೆರವಣಿಗೆಗಳಲ್ಲಿ ಇದೆ. ಬೆತ್ಲೆಹೆಮ್ ಬಳಿಯ ಐದಾ ನಿರಾಶ್ರಿತರ ಶಿಬಿರದ ದ್ವಾರದ ಮೇಲೆಯೇ ದೈತ್ಯ ಕೀಲಿಕೈಯೊಂದನ್ನು ನಿಲ್ಲಿಸಲಾಗಿದೆ. ಮೆರವಣಿಗೆಗೆ ಅಂಥ ಲಾಂಛನ ಬೇಕು, ಎಲ್ಲರಿಗೂ ಒಂದೇ ಅರ್ಥ ತಿಳಿಯಬೇಕು. ಕವಿತೆಗೆ ಅದೇ ತೊಡಕಾಗುತ್ತದೆ. ಅರ್ಥ ಮೊದಲೇ ಗೊತ್ತಿದ್ದರೆ ಓದುಗರು ವಸ್ತುವನ್ನು ನೋಡದೆ ಮುಂದೆ ಸಾಗುತ್ತಾರೆ. ದರ್ವೀಶ್ ಕವಿತೆಯ ಕೀಲಿಕೈ ಇಂದಿಗೂ ಲಾಂಛನವಾಗದೆ ಉಳಿದಿರುವುದು ಅದನ್ನು ಯಾರೂ ಎತ್ತಿ ತೋರಿಸದ ಕಾರಣಕ್ಕೆ. ಒಬ್ಬ ತಂದೆ ಅದು ಬಿದ್ದುಹೋಗಿಲ್ಲ ತಾನೇ ಎಂದು ಖಚಿತಪಡಿಸಿಕೊಳ್ಳುತ್ತಾನೆ, ಅಷ್ಟೇ.

ಮುಂದಿನ ಸಲ ಇಂಥ ಕವಿತೆ ಓದುವಾಗ ಎರಡು ಪರೀಕ್ಷೆ ಮಾಡಬಹುದು. 'ನೆನಪು' ಎಂಬ ಪದವನ್ನು ಬೆರಳಿನಿಂದ ಮುಚ್ಚಿ ಓದಿ. ಆಮೇಲೆ ಆ ವಸ್ತುವಿನ ಜಾಗದಲ್ಲಿ ಬೇರೊಂದು ಸಾಮಾನನ್ನು ಇಟ್ಟು ಓದಿ. ಮೊದಲನೆಯದರಲ್ಲಿ ಕವಿತೆ ನಿಂತು, ಎರಡನೆಯದರಲ್ಲಿ ಕುಸಿದರೆ ಆ ಮಡಿಕೆಯೋ ಕೀಲಿಕೈಯೋ ನಿಜಕ್ಕೂ ಏನನ್ನೋ ಹೊತ್ತಿದೆ ಎಂದರ್ಥ.