ಪರೀಕ್ಷೆಯ ದಿನವೇ ಸಂದರ್ಶನ ಬಂದರೆ

ಹಾಸನದಲ್ಲಿ ಆರನೇ ಸೆಮಿಸ್ಟರ್ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳಿಗೆ ಬೆಂಗಳೂರಿನ ಕಂಪನಿಯಿಂದ ಇಂಟರ್ನ್‌ಶಿಪ್ ಸಂದರ್ಶನದ ಇಮೇಲ್ ಬಂದಿದೆ ಎಂದಿಟ್ಟುಕೊಳ್ಳಿ. ಜೂನ್ 12, ಗುರುವಾರ, ಬೆಳಿಗ್ಗೆ 11ಕ್ಕೆ ಬರಬೇಕು. ಅಂದೇ 9:30ರಿಂದ 12:30ರವರೆಗೆ ಅವಳಿಗೆ ವಿಟಿಯು ಪರೀಕ್ಷೆ. ಸಾವಿರಾರು ಮಂದಿ ಏಕಕಾಲಕ್ಕೆ ಬರೆಯುವ ಪರೀಕ್ಷೆ ಒಬ್ಬಳಿಗಾಗಿ ಮುಂದೆ ಹೋಗುವುದಿಲ್ಲ. ಸಂದರ್ಶನ ಹೋಗಬಹುದು, ಆದರೆ ಕೇಳಬೇಕು.

ಎಚ್‌ಆರ್ ಕಡೆಯ ಕೆಲಸ ನಮಗೆ ಕಾಣುವುದಿಲ್ಲ. ಸಂದರ್ಶನ ಮಾಡುವ ಇಬ್ಬರು ಮೂವರ ಬಿಡುವು ಹೊಂದಿಸಿ ಆ ಹೊತ್ತು ಗೊತ್ತುಮಾಡಿರುತ್ತಾರೆ. ಹಾಗಾಗಿ ‘ನಿಮಗೆ ಯಾವಾಗ ಅನುಕೂಲವೋ ಆಗ ಬರುತ್ತೇನೆ’ ಎಂದರೆ ವಿನಯವೇನೋ ಕಾಣುತ್ತದೆ, ಆದರೆ ಮತ್ತೆರಡು ಇಮೇಲ್ ಓಡಾಡಬೇಕಾಗುತ್ತದೆ. ಬೇರೆ ಹೊತ್ತುಗಳನ್ನು ನಾವೇ ಸೂಚಿಸುವುದು ಒಳ್ಳೆಯದು. ಅದೇ ದಿನ ಸಂಜೆ ಎನ್ನೋಣವೆಂದರೆ, 12:30ಕ್ಕೆ ಪರೀಕ್ಷೆ ಮುಗಿಸಿ ಹಾಸನದಿಂದ ಬೆಂಗಳೂರು ಸೇರುವಷ್ಟರಲ್ಲಿ ಕಚೇರಿ ಮುಚ್ಚುವ ಹೊತ್ತು. ಮುಂದಿನ ಪರೀಕ್ಷೆ ಸೋಮವಾರ. ಉಳಿದದ್ದು ಶುಕ್ರವಾರ ಮತ್ತು ಮಂಗಳವಾರ.

ಬಂದ ಇಮೇಲಿಗೇ ಉತ್ತರವಾಗಿ, ಸಾಧ್ಯವಾದರೆ ಅಂದೇ, ಹೀಗೆ ಬರೆದರೆ ಸಾಕು:

‘ಮಾನ್ಯರೇ, ಇಂಟರ್ನ್‌ಶಿಪ್ ಸಂದರ್ಶನಕ್ಕೆ ಕರೆದದ್ದಕ್ಕೆ ಧನ್ಯವಾದಗಳು. ಜೂನ್ 12ರಂದು ಬೆಳಿಗ್ಗೆ 9:30ರಿಂದ 12:30ರವರೆಗೆ ಹಾಸನದಲ್ಲಿ ನನಗೆ ವಿಶ್ವವಿದ್ಯಾಲಯದ ಪರೀಕ್ಷೆ ಇರುವುದರಿಂದ 11ಕ್ಕೆ ಬರಲಾಗುತ್ತಿಲ್ಲ. ಜೂನ್ 13, ಶುಕ್ರವಾರ 11ರ ನಂತರ ಅಥವಾ ಜೂನ್ 17, ಮಂಗಳವಾರ ಯಾವ ಹೊತ್ತಿಗಾದರೂ ಬರಬಲ್ಲೆ. ಆನ್‌ಲೈನ್ ಆಗುವುದಾದರೆ 12ರಂದೇ ಮಧ್ಯಾಹ್ನ 3ರ ನಂತರವೂ ಸಿಗುತ್ತೇನೆ. ಪರೀಕ್ಷೆಯ ವೇಳಾಪಟ್ಟಿ ಲಗತ್ತಿಸಿದ್ದೇನೆ. ತೊಂದರೆಗೆ ಕ್ಷಮೆ ಇರಲಿ.’

ಕ್ಷಮೆ ಒಂದೇ ಸಾಲು. ಪರೀಕ್ಷೆ ಅವಳ ತಪ್ಪಲ್ಲ, ಅದಕ್ಕೆ ಮೂರು ಸಾಲು ಬೇಡಿಕೊಳ್ಳಬೇಕಿಲ್ಲ. ಲಗತ್ತಿಸುವುದು ವೇಳಾಪಟ್ಟಿಯ ಪುಟವನ್ನು. ಫೋಟೊ, ಸಹಿ ಇರುವ ಹಾಲ್ ಟಿಕೆಟ್ಟನ್ನು ಅವರಾಗಿ ಕೇಳದ ಹೊರತು ಕಳಿಸದಿರುವುದು ಕ್ಷೇಮ.

ಎಡವುವುದು ಹೆಚ್ಚಾಗಿ ಬೇರೆ ಕಡೆ. ಸಂದರ್ಶನದ ಆಹ್ವಾನ ಗೂಗಲ್ ಕ್ಯಾಲೆಂಡರಿನಲ್ಲಿ ಬಂದಿದ್ದರೆ, ಕಾರಣ ಬರೆಯದೆ No ಒತ್ತಿಬಿಡುವವರಿದ್ದಾರೆ. ಆಚೆಯವರಿಗೆ ಅದು ಅವಕಾಶವನ್ನೇ ಬೇಡವೆಂದಂತೆ ಕಾಣುತ್ತದೆ. ಕ್ಯಾಂಪಸ್ ಆಯ್ಕೆಯಾಗಿದ್ದರೆ ಮೊದಲು ಪ್ಲೇಸ್‌ಮೆಂಟ್ ಅಧಿಕಾರಿಗೆ ತಿಳಿಸಬೇಕು, ಏಕೆಂದರೆ ಅದೇ ತರಗತಿಯ ಇನ್ನೂ ಹತ್ತು ಮಂದಿಗೆ ಅದೇ ತೊಡಕು ಇರುತ್ತದೆ. ಎಲ್ಲರ ಪರವಾಗಿ ಅವರೊಬ್ಬರು ಮಾತಾಡಿದರೆ ಮುಗಿಯಿತು. ಸಂದರ್ಶನಕ್ಕೆ ಒಂದೇ ದಿನ ಉಳಿದಿದ್ದರೆ ಇಮೇಲ್ ಕಳಿಸಿ ಫೋನನ್ನೂ ಮಾಡಬೇಕು.

ಕೆಲವು ಕಂಪನಿಗಳು ಆಗುವುದಿಲ್ಲ ಎನ್ನಬಹುದು. ಆಗ ಪರೀಕ್ಷೆ ಬಿಟ್ಟು ಹೋಗುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ತಪ್ಪಿದ ಪೇಪರ್ ಬ್ಯಾಕ್‌ಲಾಗ್ ಆಗಿ ಉಳಿಯುತ್ತದೆ, ಬ್ಯಾಕ್‌ಲಾಗ್ ಇರುವವರನ್ನು ಎಷ್ಟೋ ಕಂಪನಿಗಳು ಅರ್ಜಿಯ ಹಂತದಲ್ಲೇ ಕೈಬಿಡುತ್ತವೆ.

ಹೊಸ ಹೊತ್ತು ಬಂದರೆ ‘ಜೂನ್ 13, 11:30ಕ್ಕೆ ಬರುತ್ತೇನೆ’ ಎಂದು ಕೂಡಲೇ ಉತ್ತರಿಸಬೇಕು. ನಡುವೆ ವಿಶ್ವವಿದ್ಯಾಲಯವೇ ಪರೀಕ್ಷೆ ಮುಂದೂಡಿ 13ಕ್ಕೆ ತಂದಿಟ್ಟರೆ, ಸುತ್ತೋಲೆ ಕಂಡ ಗಳಿಗೆಯಲ್ಲೇ ಅದನ್ನು ಲಗತ್ತಿಸಿ ಮತ್ತೆ ಬರೆಯಬೇಕು.