ಶೇ 30 ರಿಯಾಯಿತಿ ಕೇಳಿದವರಿಗೆ ಅರಿಶಿನದ ಲೆಕ್ಕ

ಹನೂರಿನ ಸುತ್ತಮುತ್ತ ಬೆಳೆದ ಅರಿಶಿನವನ್ನು ಪುಡಿ ಮಾಡಿ ಮಾರುವ ಸಂಘಗಳಿಗೆ ಬರುವ ಮೊದಲ ಫೋನ್ ಹೆಚ್ಚಾಗಿ ಹೀಗಿರುತ್ತದೆ: ‘ತಿಂಗಳಿಗೆ 500 ಕೆಜಿ ತಗೊಳ್ತೀವಿ. ಶೇ 30 ಕಮ್ಮಿ ಮಾಡಿ, ಮೊದಲು 5 ಕೆಜಿ ಸ್ಯಾಂಪಲ್ ಉಚಿತವಾಗಿ ಕಳಿಸಿ.’ ಆರ್ಡರ್ ಮಾತ್ರ ಇನ್ನೂ ಬಂದಿರುವುದಿಲ್ಲ. ಉತ್ತರ ಕೊಡುವ ಮುನ್ನ ಲೆಕ್ಕ ಹಾಕಬೇಕು.

ಒಂದು ಕೆಜಿ ಒಣ ಅರಿಶಿನಕ್ಕೆ ಸುಮಾರು 5 ಕೆಜಿ ಹಸಿ ಗೆಡ್ಡೆ ಬೇಕು. ಹಸಿ ಗೆಡ್ಡೆ ಕೆಜಿಗೆ 30 ರೂಪಾಯಿ ಎಂದು ಹಿಡಿದರೆ ಅದಕ್ಕೇ 150 ಆಯಿತು. ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿ, ಪುಡಿ ಮಾಡಿಸುವ ಖರ್ಚು, ನಷ್ಟ ಸೇರಿ 50, ಪ್ಯಾಕೆಟ್ಟಿಗೆ 20, ಸಾಗಣೆಗೆ 20 ಹಿಡಿದರೆ ಅಸಲು 240 ರೂಪಾಯಿ. ಮಾರುವ ಬೆಲೆ 300 ಇಟ್ಟರೆ ಉಳಿಯುವುದು 60.

ಶೇ 10 ಬಿಟ್ಟರೆ ಲಾಭ 30ಕ್ಕೆ ಇಳಿಯುತ್ತದೆ. ಮೊದಲು 100 ಕೆಜಿಯಲ್ಲಿ ಬರುತ್ತಿದ್ದ ಹಣಕ್ಕೆ 200 ಕೆಜಿ ಮಾರಬೇಕು. ಶೇ 20 ಬಿಟ್ಟರೆ ಏನೂ ಉಳಿಯದು. ಶೇ 30 ಬಿಟ್ಟರೆ ಕೆಜಿಗೆ 30 ರೂಪಾಯಿ ಕೈಯಿಂದ ಹೋಗುತ್ತದೆ, 500 ಕೆಜಿಗೆ 15,000. ಉಚಿತವಾಗಿ ಹೋಗುವ 5 ಕೆಜಿಯ ಅಸಲು 1,200; ಅದನ್ನು ತುಂಬಿಕೊಳ್ಳಲು 20 ಕೆಜಿ ಮಾರಬೇಕು.

ಆದರೂ ‘ಆಗಲ್ಲ’ ಎಂದಷ್ಟೇ ಹೇಳಿ ಫೋನ್ ಇಡಬೇಕಿಲ್ಲ. ದೊಡ್ಡ ಆರ್ಡರಿನಿಂದ ನಮಗೆ ನಿಜವಾಗಿ ಉಳಿಯುವ ಖರ್ಚಿನಲ್ಲಿ ಪಾಲು ಕೊಡಬಹುದು. 25 ಕೆಜಿ ಚೀಲದಲ್ಲೇ ಕೊಟ್ಟರೆ ಪ್ಯಾಕಿಂಗಿನಲ್ಲಿ 15, ಒಂದೇ ಲೋಡಿನಲ್ಲಿ ಹೋದರೆ ಸಾಗಣೆಯಲ್ಲಿ 5 ಉಳಿಯುತ್ತದೆ. ಅಸಲು 220ಕ್ಕೆ ಬರುವುದರಿಂದ ಬೆಲೆಯನ್ನು 280ಕ್ಕೆ ಇಳಿಸಿದರೂ ಲಾಭ ಮೊದಲಿನ 60 ರೂಪಾಯಿಯೇ. ಅದಕ್ಕಿಂತ ಕೆಳಗೆ ಇಳಿದರೆ ನಮ್ಮ ಲಾಭದಿಂದಲೇ ಹೋಗುತ್ತದೆ.

ಆಗ ಉತ್ತರ ಹೀಗಿರಲಿ:

‘ನಮಸ್ಕಾರ ಸರ್. 250 ಗ್ರಾಂ ಸ್ಯಾಂಪಲ್‌ಗೆ 75 ರೂಪಾಯಿ, ಕೊರಿಯರ್ ಖರ್ಚು ನಿಮ್ಮದು. 25 ಕೆಜಿ ಆರ್ಡರ್ ಕೊಟ್ಟರೆ ಆ 75 ಬಿಲ್ಲಿನಲ್ಲಿ ಕಳೀತೀವಿ. 500 ಕೆಜಿ ಒಂದೇ ಲೋಡು, ಚೀಲದಲ್ಲಿ, ಅರ್ಧ ಹಣ ಮುಂಗಡವಾದರೆ ಕೆಜಿಗೆ 280. ಅದಕ್ಕೂ ಕಡಿಮೆಗೆ ಕೊಡೋಕೆ ನಮ್ಮಿಂದ ಆಗಲ್ಲ.’

ಸ್ಯಾಂಪಲ್ಲನ್ನು ಮಾರುವ ಲಾಟ್‌ನಿಂದಲೇ ತೆಗೆದು, ಲಾಟ್ ಸಂಖ್ಯೆ ಬರೆದು, ಅದೇ ಪುಡಿಯ ಒಂದು ಪ್ಯಾಕೆಟ್ ಸೀಲ್ ಮಾಡಿ ಇಟ್ಟುಕೊಳ್ಳಬೇಕು. ಮುಂದೆ ‘ಬಣ್ಣ ಬೇರೆ ಬಂದಿದೆ’ ಎಂಬ ತಕರಾರು ಎದ್ದರೆ ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಬಹುದು.

ಈ ಉತ್ತರಕ್ಕೆ ಬರುವ ಮರುಮಾತಿನಲ್ಲೇ ಗಿರಾಕಿ ಯಾರೆಂದು ಗೊತ್ತಾಗುತ್ತದೆ. ಕೊಳ್ಳುವವರು ಲೋಡ್ ಯಾವಾಗ ಸಿಗುತ್ತದೆ, ಬಿಲ್ ಹೇಗೆ ಎಂದು ಕೇಳುತ್ತಾರೆ. 75 ರೂಪಾಯಿಗೇ ಮಾತು ನಿಂತರೆ 500 ಕೆಜಿಯ ಮಾತನ್ನು ನಂಬುವಂತಿಲ್ಲ. ‘ಮುಂದೆ ದೊಡ್ಡ ಆರ್ಡರ್ ಕೊಡ್ತೀವಿ’ ಎನ್ನುವವರಿಗೆ ಹೇಳಬಹುದಾದ ಮಾತು ಇಷ್ಟೆ: ಮೊದಲ ಬಿಲ್ಲು 300ರ ದರದಲ್ಲೇ ಇರಲಿ, 500 ಕೆಜಿಯ ಲೋಡು ಕೊಂಡ ದಿನ, ಮೊದಲು ಚೀಲದಲ್ಲಿ ಕೊಂಡ ಸರಕಿಗೂ ಕೆಜಿಗೆ 15 ಕಳೆದುಕೊಡುತ್ತೇವೆ.